ನೂರೆಂಬತ್ತು ಹಾರೈಕೆಗೆ ಒಂದೇ ಉತ್ತರವೇ?

ಜೂನ್ 1 ಬಂತೆಂದರೆ ನಮ್ಮಲ್ಲಿ ಫೇಸ್‌ಬುಕ್ ತುಂಬ ಹುಟ್ಟುಹಬ್ಬಗಳು. ಹುಟ್ಟಿದ ತಾರೀಖು ಗೊತ್ತಿಲ್ಲದ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಬರೆದುಕೊಳ್ಳುತ್ತಿದ್ದ ದಿನ ಅದು. ಒಂದು ತಲೆಮಾರಿನ ಎಷ್ಟೋ ಮಂದಿಗೆ ದಾಖಲೆಯಲ್ಲಿರುವ ಜನ್ಮದಿನ ಅದೇ. ಅಂಥವರಲ್ಲಿ ಒಬ್ಬರು, ನಿವೃತ್ತ ಗಣಿತ ಮೇಷ್ಟ್ರು ಎಂದಿಟ್ಟುಕೊಳ್ಳಿ. ಸಂಜೆಯ ಹೊತ್ತಿಗೆ ಫೇಸ್‌ಬುಕ್‌ನಲ್ಲಿ 90, ಹಳೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 50, ಮನೆಮಂದಿಯ ಗ್ರೂಪಿನಲ್ಲಿ 20, ನೇರವಾಗಿ ಅವರಿಗೇ ಕಳಿಸಿದವು 20. ಒಟ್ಟು 180 ಹಾರೈಕೆ.

ಒಂದು ಧನ್ಯವಾದವನ್ನು ಕಾಪಿ ಮಾಡಿ ಎಲ್ಲರಿಗೂ ಅಂಟಿಸುತ್ತ ಹೋಗುವುದು ಸುಲಭ. ಆದರೆ ಫೇಸ್‌ಬುಕ್‌ನಲ್ಲಿ ಉತ್ತರಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಒಂದೇ ಸಾಲು ಹತ್ತು ಕಡೆ ಕಂಡರೆ ಅದು ಯಾರಿಗೂ ಬರೆದದ್ದಲ್ಲ ಎಂದು ಗೊತ್ತಾಗಿಬಿಡುತ್ತದೆ. ಹಿಂದೆ ಹೆಸರು ಸೇರಿಸಿದರೂ ಅಷ್ಟೇ. ಬರೆದ ಉತ್ತರದಲ್ಲಿ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿ. ಬೇರೆಯವರಿಗೂ ಹಾಗೇ ಹೊಂದುವಂತಿದ್ದರೆ ಅದು ಸಗಟು ಉತ್ತರವೇ.

ಹಾಗೆಂದು 180 ಪತ್ರ ಬರೆಯಬೇಕಿಲ್ಲ. ಮೇಷ್ಟ್ರು ಮೊದಲು ಮಾಡಬೇಕಾದ್ದು ಉತ್ತರಿಸುವುದಲ್ಲ, ಎಲ್ಲವನ್ನೂ ಒಮ್ಮೆ ಓದುವುದು. ಓದಿದರೆ ಕಾಣುತ್ತದೆ: ಹೆಚ್ಚಿನವು ಕೇಕಿನ ಚಿತ್ರ, ಕೈಮುಗಿದ ಇಮೋಜಿ, ಎರಡು ಪದದ ಶುಭಾಶಯ. ಮೂವತ್ತೋ ನಲವತ್ತೋ ಮಂದಿ ಮಾತ್ರ ಏನಾದರೂ ಸ್ವಂತದ್ದು ಬರೆದಿರುತ್ತಾರೆ: ಒಂದು ನೆನಪು, ಹಳೆಯ ಫೋಟೊ, ಆರೋಗ್ಯದ ವಿಚಾರಣೆ. ಸಮಯವೆಲ್ಲ ಇವರಿಗೆ ಹೋಗಬೇಕು. ವಾಟ್ಸ್‌ಆ್ಯಪ್‌ನಲ್ಲಿ ಅಂಥ ಸಂದೇಶಗಳಿಗೆ ನಕ್ಷತ್ರದ ಗುರುತು ಹಾಕಿಟ್ಟರೆ ಮಾರನೆಯ ದಿನ ಒಂದೇ ಕಡೆ ಸಿಗುತ್ತವೆ.

ಉತ್ತರದ ವಸ್ತು ಅವರ ಹಾರೈಕೆಯೊಳಗೇ ಇರುತ್ತದೆ. ಹಳೆಯ ವಿದ್ಯಾರ್ಥಿಯೊಬ್ಬ, ‘ಸರ್, ನಿಮ್ಮಿಂದಲೇ ಲೆಕ್ಕದ ಭಯ ಹೋಯ್ತು’ ಎಂದು ಬರೆದಿದ್ದಾನೆ. ‘ಭಯ ಇದ್ದರೂ ಬೋರ್ಡಿನ ಹತ್ರ ಬಾ ಅಂದ್ರೆ ಮೊದಲು ಎದ್ದು ಬರ್ತಿದ್ದವನು ನೀನೇ ಕಣೋ. ಮಗಳು ಈ ವರ್ಷ ಹತ್ತನೇ ಕ್ಲಾಸ್ ಅಲ್ವಾ?’ ಎಂದರೆ ಸಾಕು. ಎರಡೇ ಸಾಲು, ಆದರೆ ಬೇರೆ ಯಾರಿಗೂ ಕಳಿಸಲಾಗದ್ದು. ಕೊನೆಯ ಪ್ರಶ್ನೆಯ ಬಗ್ಗೆ ಎಚ್ಚರ ಬೇಕು: ಪ್ರಶ್ನೆ ಕೇಳಿದರೆ ಉತ್ತರ ಬರುತ್ತದೆ, ಮಾತು ಬೆಳೆಯುತ್ತದೆ. ಮುಂದುವರಿಸಲು ಮನಸ್ಸೂ ಸಮಯವೂ ಇರುವವರಿಗೆ ಮಾತ್ರ ಕೇಳಬೇಕು. ಕೇಳಿ ಸುಮ್ಮನಾಗುವುದಕ್ಕಿಂತ ಕೇಳದಿರುವುದೇ ಮೇಲು.

ಎರಡು ಪದದ ಹಾರೈಕೆಗೆ ಒಂದೇ ಸಾಲು ಸಾಕು. ಅಲ್ಲಿ ಕೆಲಸ ಮಾಡುವುದು ಸಂಬೋಧನೆ. ‘ಥ್ಯಾಂಕ್ಸ್ ಅಕ್ಕಾ, ಈ ಸಲ ಊರಿನ ಹಬ್ಬಕ್ಕೆ ಬರ್ತೀವಿ’, ‘ಏನೋ ಮಾರಾಯ, ನಿಂದೂ ಇವತ್ತೇ ಅಲ್ವೇನೋ, ನಿಂಗೂ ಶುಭಾಶಯ’. ಎದುರಿಗೆ ಸಿಕ್ಕಾಗ ಹೇಗೆ ಕರೆಯುತ್ತೇವೋ ಹಾಗೇ ಬರೆಯಬೇಕು. ದಿನಾ ಹೋಗೋ ಬಾರೋ ಎನ್ನುವ ಗೆಳೆಯನಿಗೆ ‘ತಮ್ಮ ಹಾರೈಕೆಗೆ ಋಣಿ’ ಎಂದರೆ ಅವನು ದೂರದವನಾಗುತ್ತಾನೆ.

ಗ್ರೂಪಿನಲ್ಲಿ ಲೆಕ್ಕ ಬೇರೆ. ಒಬ್ಬೊಬ್ಬರ ಸಂದೇಶವನ್ನೂ ಎಳೆದು ಉತ್ತರಿಸಿದರೆ ಉಳಿದವರ ಫೋನುಗಳು ಐವತ್ತು ಸಲ ಸದ್ದು ಮಾಡುತ್ತವೆ. ಅಲ್ಲಿ ಒಂದೇ ಉತ್ತರ ಒಳ್ಳೆಯದು, ಆದರೆ ಆ ಗ್ರೂಪಿಗೇ ಬರೆದದ್ದಾಗಿರಬೇಕು. ಹಳೆ ವಿದ್ಯಾರ್ಥಿಗಳಿಗೆ ಮೇಷ್ಟ್ರು ಹೀಗೆ ಬರೆಯಬಹುದು: ‘ಬೆಳಿಗ್ಗೆಯಿಂದ ನಿಮ್ಮ ಮೆಸೇಜುಗಳನ್ನೇ ಓದ್ತಾ ಕೂತಿದ್ದೆ. ಆ ಸ್ಕೂಲ್ ಡೇ ಫೋಟೊದಲ್ಲಿ ಅರ್ಧ ಜನರ ಗುರುತೇ ಸಿಗಲಿಲ್ಲ, ಕೆಳಗೆ ಹೆಸರು ಬರೀರಪ್ಪ.’ ಹೆಸರುಗಳ ಪಟ್ಟಿ ಕೊಡುವುದು ಬೇಡ ಎನ್ನುತ್ತೇನೆ. ನಲವತ್ತೊಂಬತ್ತು ಹೆಸರು ಬರೆದು ಒಂದು ಬಿಟ್ಟರೆ, ಆ ಒಬ್ಬರಿಗೆ ಆಗುವ ನೋವು ದೊಡ್ಡದು.

ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ ಇಲ್ಲಿ ಆಸೆ ತೋರಿಸುತ್ತದೆ: ಒಮ್ಮೆ ಬರೆದದ್ದು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ತಲುಪುತ್ತದೆ. ಆದರೆ ನಿಮ್ಮ ನಂಬರನ್ನು ಉಳಿಸಿಕೊಳ್ಳದವರಿಗೆ ಅದು ಹೋಗುವುದೇ ಇಲ್ಲ. ತಲುಪಿದ ಅಕ್ಕತಂಗಿಯರು ಒಟ್ಟಿಗೆ ಕೂತಾಗ ಇಬ್ಬರಿಗೂ ಬಂದದ್ದು ಒಂದೇ ಎಂದು ತಿಳಿಯುತ್ತದೆ. ಆಪ್ತವಾಗಿ ಕಾಣಿಸಿಕೊಂಡು ಹಾಗಲ್ಲದ ಸಂದೇಶಕ್ಕಿಂತ, ಎಲ್ಲರಿಗೂ ಎಂದೇ ಹೇಳುವ ಸಾಮಾನ್ಯ ಪೋಸ್ಟು ಎಷ್ಟೋ ಪ್ರಾಮಾಣಿಕ.

ಕೆಲವು ಉತ್ತರಗಳು ಎಲ್ಲರೆದುರು ಬರೆಯುವಂಥವೇ ಅಲ್ಲ. ಇತ್ತೀಚೆಗೆ ಗಂಡನನ್ನು ಕಳೆದುಕೊಂಡ ಸಹೋದ್ಯೋಗಿಯೊಬ್ಬರು ಫೇಸ್‌ಬುಕ್‌ನಲ್ಲಿ ಹಾರೈಸಿದ್ದರೆ, ಅಲ್ಲಿ ಚಿಕ್ಕದಾಗಿ ‘ಥ್ಯಾಂಕ್ಸ್ ಮೇಡಂ’ ಎಂದು ಬರೆದು, ಅವರನ್ನು ವಿಚಾರಿಸುವ ಮಾತನ್ನು ಖಾಸಗಿಯಾಗಿ ಕಳಿಸಬೇಕು, ಇಲ್ಲವೇ ಫೋನ್ ಮಾಡಬೇಕು. ಕಾಯಿಲೆ, ಕೆಲಸ ಹೋದದ್ದು, ಮಕ್ಕಳ ಮದುವೆಯ ಮಾತುಕತೆ ಇವೂ ಹಾಗೇ. ಅಕ್ಷರ ಟೈಪ್ ಮಾಡಲು ಕಷ್ಟಪಟ್ಟು ಹಾರೈಸಿದ ಸೋದರತ್ತೆಗೆ ಇಪ್ಪತ್ತು ಸೆಕೆಂಡಿನ ಧ್ವನಿ ಸಂದೇಶ ಹೆಚ್ಚು ಹಿತ.

ಇನ್ನು ಅವಸರ. ಇನ್‌ಸ್ಟಾಗ್ರಾಂ ಸ್ಟೋರಿ 24 ಗಂಟೆಯಲ್ಲಿ ಮಾಯವಾಗುತ್ತದೆ, ಹಾಗಾಗಿ ನಿಮ್ಮನ್ನು ಹೆಸರಿಸಿ ಫೋಟೊ ಹಾಕಿದವರಿಗೆ ಅಂದೇ ಉತ್ತರಿಸಿ. ಉಳಿದದ್ದನ್ನು ಮೂರ್ನಾಲ್ಕು ದಿನ ಹಂಚಿಕೊಂಡು, ದಿನಕ್ಕೆ ಅರ್ಧ ಗಂಟೆ ಕೂತು ಬರೆಯಬಹುದು. ಒಂದೇ ರಾತ್ರಿ ಮುಗಿಸಲು ಹೊರಟರೆ ಮೂವತ್ತನೆಯ ಉತ್ತರದ ಹೊತ್ತಿಗೆ ಕೈ ತಾನಾಗಿ ಹಿಂದಿನ ಸಾಲನ್ನೇ ಬರೆಯತೊಡಗುತ್ತದೆ, ಅಲ್ಲಿಗೆ ನಿಲ್ಲಿಸಿ. ಎರಡು ದಿನ ತಡವಾಗಿ, ಕ್ಷಮೆ ಕೇಳುತ್ತ ಹಾರೈಸುವವರು ಅಷ್ಟರಲ್ಲಿ ಬಂದಿರುತ್ತಾರೆ. ಅವರು ಸಂಕೋಚಪಟ್ಟೇ ಬರೆದಿರುತ್ತಾರಾದ್ದರಿಂದ ಅವರಿಗೆ ಬೇಗ ಉತ್ತರಿಸಬೇಕು: ‘ತಡ ಏನಿಲ್ಲ ಮಾರಾಯ್ತಿ, ಮನೇಲಿ ಹೋಳಿಗೆ ಇನ್ನೂ ಇದೆ, ಭಾನುವಾರ ಬಾ.’