ರಾತ್ರಿ ಹನ್ನೊಂದೂವರೆಯ ಮೆಸೇಜಿಗೆ ಏನಂತ ಉತ್ತರಿಸೋದು?

ಜಿಎಸ್‌ಟಿ ಲೆಕ್ಕ ನೋಡುವವರಿಗೆ ತಿಂಗಳ 19ನೇ ತಾರೀಕಿನ ರಾತ್ರಿ ಸುಮ್ಮನೆ ಕಳೆಯುವುದು ಅಪರೂಪ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ವ್ಯಾಪಾರಿಗಳಿಗೆ ಜಿಎಸ್‌ಟಿಆರ್-3ಬಿ ಸಲ್ಲಿಸಲು 20 ಕೊನೆಯ ದಿನ. ಅಂಗಡಿಯವರಿಗೆ ಅದು ನೆನಪಾಗುವುದು ಬಾಗಿಲು ಹಾಕಿ, ಗಲ್ಲಾ ಎಣಿಸಿ, ಮನೆಗೆ ಬಂದು ಊಟ ಮಾಡಿದ ಮೇಲೆ.

ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಯಜಮಾನರೊಬ್ಬರು ರಾತ್ರಿ 11.30ಕ್ಕೆ ತಮ್ಮ ತೆರಿಗೆ ಸಲಹೆಗಾರನಿಗೆ ಮೂವತ್ತು ಬಿಲ್ಲುಗಳ ಫೋಟೋ ಕಳಿಸಿ, "ಸಾರ್, ನಾಳೆ ಲಾಸ್ಟ್ ಡೇಟು. ಟ್ಯಾಕ್ಸ್ ಎಷ್ಟು ಬರುತ್ತೆ ಈಗಲೇ ಹೇಳಿ" ಎಂದು ಬರೆದರು ಅಂದುಕೊಳ್ಳಿ.

ಇದಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಹೋಗುತ್ತದೆ. ಮೊದಲನೆಯದು, "ಆಫೀಸ್ ಟೈಮಲ್ಲಿ ಮೆಸೇಜ್ ಮಾಡಿ." ಯಜಮಾನರಿಗೆ ಇದು ಗದರಿದ ಹಾಗೆ ಕೇಳುತ್ತದೆ, ದಂಡದ ಭಯವೂ ಹಾಗೇ ಉಳಿಯುತ್ತದೆ. ಎರಡನೆಯದು, "ನೋಡ್ತೀನಿ ಸಾರ್." ಯಾವಾಗ ನೋಡುತ್ತಾರೆಂದು ಗೊತ್ತಾಗದೆ ಅವರು ಹನ್ನೆರಡೂವರೆಗೆ ಮತ್ತೆ "ಸಾರ್?" ಎಂದು ಕೇಳುತ್ತಾರೆ. ಮೂರನೆಯದು, ನಿದ್ದೆಗೆಟ್ಟು ಲೆಕ್ಕ ಹಾಕಿ ಒಂದು ಗಂಟೆಗೆ ಮೊತ್ತ ಕಳಿಸುವುದು. ಆ ದಿನಕ್ಕೆ ಯಜಮಾನರಿಗೆ ಖುಷಿ. ಆದರೆ ಮುಂದಿನ ತಿಂಗಳೂ ಬಿಲ್ಲು ರಾತ್ರಿ 11.30ಕ್ಕೇ ಬರುತ್ತವೆ, ರಾತ್ರಿ ಕಳಿಸಿದರೂ ನಡೆಯುತ್ತದೆಂದು ಸಲಹೆಗಾರನೇ ತೋರಿಸಿಕೊಟ್ಟಾಯಿತಲ್ಲ.

ಮೆಸೇಜಿನಲ್ಲಿ 'ಈಗಲೇ' ಎಂದಿದ್ದರೂ ಯಜಮಾನರ ಚಿಂತೆ ಎರಡೇ: ದಂಡ ಬಿದ್ದರೆ ಏನು ಗತಿ, ನಾಳೆ ಬ್ಯಾಂಕಿನಲ್ಲಿ ಎಷ್ಟು ದುಡ್ಡು ಇರಬೇಕು. ಈ ಎರಡಕ್ಕೆ ರಾತ್ರಿಯೇ ಉತ್ತರ ಕೊಡಬಹುದು. ಬಿಲ್ಲು ನೋಡುವ ಕೆಲಸ ಬೆಳಿಗ್ಗೆಗೆ ಇರಲಿ. ಹಾಗೆ ಬರೆದ ಉತ್ತರ ಹೀಗಿರಬಹುದು:

"ಯಜಮಾನ್ರೇ, ಮೂವತ್ತು ಬಿಲ್ಲೂ ಬಂದಿವೆ. ನಾಳೆ ಪೂರ್ತಿ ದಿನ ಟೈಮ್ ಇದೆ, ದಂಡದ ಯೋಚನೆ ಬೇಡ. ಬೆಳಿಗ್ಗೆ 10ಕ್ಕೆ ಕೂತು 2ಬಿ ಜೊತೆ ತಾಳೆ ನೋಡಿ, 11.30ರ ಒಳಗೆ ಕಟ್ಟಬೇಕಾದ ಮೊತ್ತ ಕಳಿಸ್ತೀನಿ. ಸದ್ಯಕ್ಕೆ ಅಕೌಂಟಲ್ಲಿ 45 ಸಾವಿರ ಇರೋ ಹಾಗೆ ನೋಡ್ಕೊಳ್ಳಿ."

ಮೊದಲ ವಾಕ್ಯದಲ್ಲಿ 'ಮೂವತ್ತು' ಎಂಬ ಎಣಿಕೆ ಇದೆ. ಕಳಿಸಿದ್ದು ತಲುಪಿದೆ, ಮನುಷ್ಯನೊಬ್ಬ ಅದನ್ನು ತೆರೆದು ನೋಡಿದ್ದಾನೆ ಎಂಬ ಭರವಸೆ ಅದರಿಂದ ಸಿಗುತ್ತದೆ. ಬರೀ 'ಓಕೆ' ಎಂದರೆ ಅದು ಸಿಗದು. ಎರಡನೆಯದು ಭಯ ಇಳಿಸುವ ಮಾತು. ತಡವಾದರೆ ತೆರಿಗೆ ಇರುವ ರಿಟರ್ನಿಗೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ. 18ರಂತೆ ಬಡ್ಡಿ ಬೀಳುತ್ತದೆ ನಿಜ. ಅದು ಶುರುವಾಗುವುದು 20 ಕಳೆದ ಮೇಲೆ. ಮೂರನೆಯ ವಾಕ್ಯದಲ್ಲಿ ಗಡಿಯಾರದ ಸಮಯವಿದೆ. 'ಬೆಳಿಗ್ಗೆ' ಎಂದು ಬಿಟ್ಟರೆ ಯಜಮಾನರಿಗೆ ಅದು ಅಂಗಡಿ ತೆರೆಯುವ ಏಳೂವರೆ, ಸಲಹೆಗಾರನಿಗೆ ಕಚೇರಿಯ ಹತ್ತೂವರೆ. ನಡುವಿನ ಮೂರು ಗಂಟೆಯಲ್ಲಿ ನಾಲ್ಕು ಫೋನು ಬರುತ್ತವೆ.

45 ಸಾವಿರ ಎಲ್ಲಿಂದ ಬಂತು? ಮಾರಾಟದ ವಿವರ, ಅಂದರೆ ಜಿಎಸ್‌ಟಿಆರ್-1, 11ನೇ ತಾರೀಕಿಗೇ ಸಲ್ಲಿಕೆಯಾಗಿದೆ. ಅದರ ಪ್ರಕಾರ ತೆರಿಗೆ 1,84,000 ಎಂದಿಟ್ಟುಕೊಳ್ಳಿ. ಸರಕು ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳಿಂದ ಪೋರ್ಟಲ್ 14ರಂದು 2ಬಿ ಪಟ್ಟಿ ತಯಾರಿಸುತ್ತದೆ. ಅದರಲ್ಲಿ 1,42,000 ಕ್ರೆಡಿಟ್ ಇದ್ದರೆ ಕಟ್ಟಬೇಕಾದ್ದು ಸುಮಾರು 42 ಸಾವಿರ. ರಾತ್ರಿ ಬಂದ ಫೋಟೋಗಳಲ್ಲಿರುವ ಬಿಲ್ಲು 2ಬಿಯಲ್ಲಿ ಇಲ್ಲದಿದ್ದರೆ ಅದರ ಕ್ರೆಡಿಟ್ ಈ ತಿಂಗಳು ಸಿಗುವುದೇ ಇಲ್ಲ. ಹಾಗಾಗಿ ಮಧ್ಯರಾತ್ರಿ ಒಂದೊಂದೇ ಬಿಲ್ಲು ಟೈಪ್ ಮಾಡಿದರೂ ಮೊತ್ತ ಇಳಿಯುವುದಿಲ್ಲ. ಎರಡು ನಿಮಿಷದಲ್ಲಿ ಸಿಗುವ ಅಂದಾಜನ್ನು, ಅಂದಾಜು ಎಂದೇ ಹೇಳಿ ಸ್ವಲ್ಪ ಹೆಚ್ಚಿಗೆ ಕೊಟ್ಟರೆ ಯಜಮಾನರು ಮಲಗುತ್ತಾರೆ. ಅಂದಾಜು ಕೈಯಲ್ಲಿ ಇಲ್ಲದಿದ್ದರೆ ಆ ವಾಕ್ಯ ಬಿಡುವುದೇ ಒಳ್ಳೆಯದು. ನಿದ್ದೆಗಣ್ಣಿನಲ್ಲಿ ಹೇಳಿದ ತಪ್ಪು ಮೊತ್ತಕ್ಕೆ ಬೆಳಿಗ್ಗೆ ವಿವರಣೆ ಕೊಡುವುದು ಹೆಚ್ಚು ಕಷ್ಟ.

ಇಷ್ಟಾದ ಮೇಲೂ "ಇಲ್ಲ ಸಾರ್, ಈಗಲೇ ಬೇಕು" ಎಂದರೆ ವಾದಕ್ಕೆ ಇಳಿಯುವ ಮೊದಲು ಒಂದು ಪ್ರಶ್ನೆ ಕೇಳಬೇಕು: "ಬೆಳಿಗ್ಗೆ ಎಲ್ಲಾದ್ರೂ ಹೊರಟಿದ್ದೀರಾ?" ಆರಕ್ಕೇ ಬೆಂಗಳೂರಿಗೆ ಸರಕು ತರಲು ಹೋಗುವವರಿದ್ದರೆ ಅವರ ಆತುರಕ್ಕೆ ಅರ್ಥವಿದೆ. ಆಗ ಮೊತ್ತ ಮಗನಿಗೋ ಅಂಗಡಿಯ ಹುಡುಗನಿಗೋ ಕಳಿಸುವ ಏರ್ಪಾಡು ಮಾಡಬಹುದು. ಕಾರಣ ಏನೂ ಇಲ್ಲದಿದ್ದರೆ ಅದೇ ಸಮಯವನ್ನು ಇನ್ನೊಮ್ಮೆ ಹೇಳಿ ಮಾತು ಮುಗಿಸಬೇಕು. ಎರಡನೇ ಸಲ 11.30 ಎಂಬುದು 9.30 ಆದರೆ, ಒತ್ತಾಯಿಸಿದರೆ ಸಮಯ ಹಿಂದೆ ಬರುತ್ತದೆಂದು ಅವರಿಗೆ ಗೊತ್ತಾಗಿಬಿಡುತ್ತದೆ.

ರಾತ್ರಿಯೇ ಮಾಡಬೇಕಾದ ಕೆಲಸವೂ ಈ ವೃತ್ತಿಯಲ್ಲಿ ಇದೆ. 50 ಸಾವಿರಕ್ಕಿಂತ ಹೆಚ್ಚು ಬೆಲೆಯ ಸರಕು ಸಾಗಿಸಲು ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ಅದರಲ್ಲಿ ಗಾಡಿ ನಂಬರ್ ತಪ್ಪಿ ಲಾರಿಯನ್ನು ತಪಾಸಣೆಯಲ್ಲಿ ನಿಲ್ಲಿಸಿದ್ದರೆ ಬೆಳಿಗ್ಗೆ 10ರ ಮಾತು ನಡೆಯುವುದಿಲ್ಲ. ಆದ್ದರಿಂದ ಯಾವುದು ತುರ್ತು ಎಂಬುದನ್ನು ಮೊದಲೇ ಹೆಸರಿಸಿ ಹೇಳಿರಬೇಕು: "ಲಾರಿ ನಿಂತಿದ್ರೆ ಯಾವ ಹೊತ್ತಲ್ಲಾದ್ರೂ ಫೋನ್ ಮಾಡಿ, ಮಿಕ್ಕಿದ್ದಕ್ಕೆಲ್ಲ ಮೆಸೇಜ್ ಹಾಕಿ, ಬೆಳಿಗ್ಗೆ ನೋಡ್ತೀನಿ." ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಕಚೇರಿ ಸಮಯದ ಹೊರಗೆ ತಾನಾಗಿಯೇ ಉತ್ತರ ಹೋಗುವ ಸೌಲಭ್ಯವಿದೆ. ಅದರಲ್ಲೂ ಈ ಸಾಲು ಇರಲೇಬೇಕು. ಲಾರಿ ನಿಂತವನಿಗೂ "ನಿಮ್ಮ ಸಂದೇಶಕ್ಕೆ ಧನ್ಯವಾದ" ಮಾತ್ರ ಹೋದರೆ ಅದಕ್ಕಿಂತ ಉಡಾಫೆ ಇನ್ನೊಂದಿಲ್ಲ. ಫೋನ್ ಮಾಡಿ ಎಂದ ಮೇಲೆ ಒಂದು ಗಂಟೆಗೆ ಬಂದರೂ ಎತ್ತಬೇಕು. ರಾತ್ರಿ ಕೆಲಸಕ್ಕೆ ಬೇರೆ ಫೀಸು ಇದ್ದರೆ ಅದನ್ನು ಲೆಕ್ಕ ವಹಿಸಿಕೊಳ್ಳುವ ದಿನವೇ ಹೇಳಿರಬೇಕು. ಲಾರಿ ನಿಂತಾಗ ಹೇಳಿದರೆ ಅಡಕತ್ತರಿಯಲ್ಲಿ ಸಿಕ್ಕಿಸಿ ವಸೂಲಿ ಮಾಡಿದಂತಾಗುತ್ತದೆ.

ಕಚೇರಿಯ ನಿಯಮಕ್ಕೂ ಇದೇ ಮಾತು. "ಬಿಲ್ಲು 5ನೇ ತಾರೀಕಿನೊಳಗೆ ಕಳಿಸಬೇಕಿತ್ತು" ಎಂದು 19ರ ರಾತ್ರಿ ಒಬ್ಬರಿಗೇ ಬರೆದರೆ ಅದು ಬೈಗುಳ. ಅದನ್ನೇ 1ನೇ ತಾರೀಕಿನ ಬೆಳಿಗ್ಗೆ ಎಲ್ಲ ಗ್ರಾಹಕರಿಗೂ ಕಳಿಸಿದರೆ ಕಚೇರಿಯ ಪದ್ಧತಿ: ಬಿಲ್ಲು 5ರೊಳಗೆ, ಕಟ್ಟಬೇಕಾದ ಮೊತ್ತ 16ಕ್ಕೆ, ರಿಟರ್ನ್ 18ಕ್ಕೆ. ಕೊನೆಯ ದಿನ ಪೋರ್ಟಲ್ ನಿಧಾನವಾಗುವುದು ವ್ಯಾಪಾರಿಗಳಿಗೂ ಗೊತ್ತು. ಎರಡು ದಿನ ಮೊದಲು ಏಕೆ ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಉಳಿದದ್ದು 20ನೇ ತಾರೀಕಿನ 11.30. ಆ ಹೊತ್ತಿಗೆ ಮೊತ್ತ ಹೋಗಬೇಕು. ಪೋರ್ಟಲ್ ತೆರೆಯದಿದ್ದರೆ 11.15ಕ್ಕೇ "ಸೈಟ್ ನಿಂತಿದೆ, 1 ಗಂಟೆಗೆ ಕೊಡ್ತೀನಿ" ಎಂದು ತಾನಾಗಿ ಹೇಳಬೇಕು. ಹೇಳಿದ ಹೊತ್ತು ಎರಡು ತಿಂಗಳು ತಪ್ಪಿದರೆ ಮೂರನೇ ತಿಂಗಳು ಎಷ್ಟು ಮೃದುವಾಗಿ ಬರೆದರೂ ಯಜಮಾನರು ನಂಬುವುದಿಲ್ಲ. ಮೆಸೇಜು ಬಿಟ್ಟು ನೇರ ಫೋನ್ ಮಾಡುತ್ತಾರೆ. ತಪ್ಪದೆ ಸಿಕ್ಕಿದರೆ ರಾತ್ರಿ ಬಿಲ್ಲು ಕಳಿಸಿದರೂ "ಬೆಳಿಗ್ಗೆ ನೋಡಿ ಸಾರ್" ಎಂದು ಅವರೇ ಬರೆಯುತ್ತಾರೆ.