ಎಷ್ಟು ಬೇಕು ಎಂಬುದನ್ನು ಮೊದಲೇ ಹೇಳಿ

ಗಣೇಶೋತ್ಸವ ಹತ್ತಿರವಾದಂತೆ ಊರಿನ ದೊಡ್ಡ ಅಂಗಡಿ, ಶೋರೂಮುಗಳ ಮೇಜಿನ ಮೇಲೆ ಪ್ರಾಯೋಜಕತ್ವ ಕೋರುವ ಪತ್ರಗಳು ಬಂದು ಬೀಳತೊಡಗುತ್ತವೆ. ಕಬಡ್ಡಿ ಪಂದ್ಯಾವಳಿ, ರಾಜ್ಯೋತ್ಸವದ ಆರ್ಕೆಸ್ಟ್ರಾ, ನಾಟಕೋತ್ಸವ. ಮಾಲೀಕರು ಗಿರಾಕಿಗಳನ್ನು ಮಾತಾಡಿಸುತ್ತಲೇ ಮೊದಲ ಪುಟದ ಮೇಲೆ ಕಣ್ಣಾಡಿಸಿ, “ಅದೆಲ್ಲ ಸರಿ, ಎಷ್ಟು ಬೇಕು ನಿಮಗೆ?” ಎನ್ನುತ್ತಾರೆ. ಈ ಪ್ರಶ್ನೆ ಬಂತೆಂದರೆ ಪತ್ರದ ಆರಂಭದ ಸಾರಾಂಶ ತನ್ನ ಕೆಲಸ ಮಾಡಿಲ್ಲ ಎಂದೇ ಲೆಕ್ಕ.

ತಾಲ್ಲೂಕು ಕೇಂದ್ರದ ಹವ್ಯಾಸಿ ನಾಟಕ ತಂಡವೊಂದನ್ನು ಕಲ್ಪಿಸಿಕೊಳ್ಳೋಣ. ಡಿಸೆಂಬರ್‌ನ ಉತ್ಸವಕ್ಕಾಗಿ ಅದು ಬೈಕ್ ಶೋರೂಮೊಂದಕ್ಕೆ ಬರೆದ ಸಾರಾಂಶ ಹೀಗಿದೆ:

“ಕಲೆ, ಸಂಸ್ಕೃತಿಯ ತವರಾದ ನಮ್ಮ ಊರಿನಲ್ಲಿ 18 ವರ್ಷಗಳಿಂದ ರಂಗಸೇವೆಯಲ್ಲಿ ತೊಡಗಿರುವ ನಮ್ಮ ತಂಡವು ಈ ವರ್ಷವೂ ಅದ್ದೂರಿ ನಾಟಕೋತ್ಸವ ಹಮ್ಮಿಕೊಂಡಿದ್ದು, ಸಾವಿರಾರು ಪ್ರೇಕ್ಷಕರು ಸೇರುವ ಈ ಕಾರ್ಯಕ್ರಮಕ್ಕೆ ತಾವು ಉದಾರವಾಗಿ ನೆರವಾಗಬೇಕೆಂದು ವಿನಂತಿ.”

ಓದಲು ಅಡ್ಡಿಯಿಲ್ಲ. ಆದರೆ ಮೊತ್ತ, ದಿನಾಂಕ, ಖರ್ಚಿನ ಬಾಬ್ತು ಒಂದೂ ಇಲ್ಲ. ‘ಉದಾರವಾಗಿ’ ಎಂದ ಕೂಡಲೇ ಮೊತ್ತ ನಿರ್ಧರಿಸುವ ಹೊರೆ ಓದುವವರ ಮೇಲೆ ಬೀಳುತ್ತದೆ. ಅವರು ಐದು ಸಾವಿರದ ಚೆಕ್ ಬರೆದು ಮುಗಿಸುತ್ತಾರೆ. ‘ಸಾವಿರಾರು ಪ್ರೇಕ್ಷಕರು’ ಎಂಬುದನ್ನು ಎಲ್ಲರೂ ಬರೆಯುವುದರಿಂದ ಯಾರೂ ನಂಬುವುದಿಲ್ಲ.

ಅದನ್ನೇ ತಿದ್ದಿ ಬರೆದರೆ:

“ಡಿಸೆಂಬರ್ 12ರಿಂದ 14ರವರೆಗೆ ನಡೆಯುವ ನಮ್ಮ ನಾಟಕೋತ್ಸವದ ಬೆಳಕು ಮತ್ತು ಧ್ವನಿ ವ್ಯವಸ್ಥೆಗೆ ನಿಮ್ಮಿಂದ ₹2 ಲಕ್ಷ ಪ್ರಾಯೋಜಕತ್ವ ಕೋರುತ್ತಿದ್ದೇವೆ. ಕಳೆದ ವರ್ಷ ದಿನಕ್ಕೆ ಸರಾಸರಿ 500 ಟಿಕೆಟ್ ಮಾರಾಟವಾಗಿದ್ದವು. ಮೂರೂ ರಾತ್ರಿ ರಂಗಮಂದಿರದ ಬಾಗಿಲಲ್ಲಿ ನಿಮ್ಮ ಬೈಕ್ ಪ್ರದರ್ಶನಕ್ಕೆ ಜಾಗವಿರುತ್ತದೆ. ಬೇರೆ ದ್ವಿಚಕ್ರ ವಾಹನ ಮಾರಾಟಗಾರರಿಗೆ ಅವಕಾಶವಿಲ್ಲ. ಒಟ್ಟು ಖರ್ಚು ₹6 ಲಕ್ಷ. ಟಿಕೆಟ್ ಮತ್ತು ಸ್ಮರಣ ಸಂಚಿಕೆಯ ಜಾಹೀರಾತಿನಿಂದ ₹2.5 ಲಕ್ಷ ನಿರೀಕ್ಷೆಯಿದೆ, ಸಹಕಾರಿ ಬ್ಯಾಂಕೊಂದು ₹1.5 ಲಕ್ಷ ಒಪ್ಪಿದೆ. ಬ್ಯಾನರ್ ಮುದ್ರಣಕ್ಕೆ ಕೊಡಬೇಕಿರುವುದರಿಂದ ಅಕ್ಟೋಬರ್ 31ರೊಳಗೆ ತಿಳಿಸಿದರೆ ಅನುಕೂಲ.”

ಇದು ಮೊದಲಿನದಕ್ಕಿಂತ ಉದ್ದವಾಗಿದ್ದರೂ ಒಂದು ನಿಮಿಷದೊಳಗೆ ಓದಿ ಮುಗಿಯುತ್ತದೆ. ಮೊದಲ ವಾಕ್ಯ ಓದಿದೊಡನೆ ಮಾಲೀಕರಿಗೆ ಇದು ತಮ್ಮ ಅಳತೆಯ ಮಾತೇ ಅಲ್ಲವೇ ಎಂಬುದು ತಿಳಿದುಬಿಡುತ್ತದೆ. ಟಿಕೆಟ್ ಲೆಕ್ಕ ಸಣ್ಣದೇ ಇರಬಹುದು; ಆದರೆ ಕೌಂಟರ್ ಫಾಯಿಲ್ ತೋರಿಸಿ ಸಾಬೀತು ಮಾಡಬಹುದಾದದ್ದು. ಖರ್ಚಿನ ಸಾಲಿಗೂ ಕಾರಣವಿದೆ. ಉಳಿದ ಹಣ ಹೊಂದದೆ ಕಾರ್ಯಕ್ರಮವೇ ನಿಂತುಹೋದರೆ ತಮ್ಮ ಹೆಸರಿನ ಗತಿ ಏನು ಎಂಬ ಅಳುಕು ಕೊಡುವವರಿಗೆ ಇದ್ದೇ ಇರುತ್ತದೆ. ಆರು ಲಕ್ಷದಲ್ಲಿ ತಮ್ಮ ಎರಡು ಲಕ್ಷ ಮಾತ್ರ ಬಾಕಿ ಎಂದು ಕಂಡರೆ ಆ ಅಳುಕು ತಗ್ಗುತ್ತದೆ. ಒಪ್ಪಿದ ಹಣವನ್ನೂ ನಿರೀಕ್ಷೆಯ ಹಣವನ್ನೂ ಬೇರೆ ಬೇರೆಯಾಗಿ ಹೇಳಿರುವುದನ್ನು ಗಮನಿಸಿ. ಎರಡನ್ನೂ ಬೆರೆಸಿ ಬರೆದು ಆಮೇಲೆ ಸಿಕ್ಕಿಬಿದ್ದರೆ ಮುಂದಿನ ವರ್ಷದ ಬಾಗಿಲೂ ಮುಚ್ಚುತ್ತದೆ.

ತಂಡದ 18 ವರ್ಷಗಳ ಇತಿಹಾಸ, ಚಿನ್ನ-ಬೆಳ್ಳಿ-ಕಂಚು ಎಂಬ ಪ್ಯಾಕೇಜುಗಳ ಪಟ್ಟಿ, ಗಣ್ಯರ ಹೆಸರುಗಳು ಒಳಪುಟಕ್ಕೆ ಹೋಗಲಿ. ಮುಖ್ಯವಾಗಿ, ಸಾರಾಂಶದಲ್ಲಿ ಒಂದೇ ಮೊತ್ತವಿರಲಿ. ಮೂರು ಮೊತ್ತ ಕೊಟ್ಟರೆ ಕಣ್ಣು ಕಡಿಮೆಯದರ ಮೇಲೇ ನಿಲ್ಲುತ್ತದೆ.

ಇದೇ ಸಾರಾಂಶವನ್ನು ಹೆಸರು ಬದಲಿಸಿ ದೊಡ್ಡ ಕಾರ್ಖಾನೆಯ ಸಿಎಸ್‌ಆರ್ ವಿಭಾಗಕ್ಕೆ ಕಳಿಸಿದರೆ ಮಾತ್ರ ಕೆಲಸ ಕೆಡುತ್ತದೆ. ಶೋರೂಮಿನ ಹಣ ಬರುವುದು ಪ್ರಚಾರದ ಖಾತೆಯಿಂದ. ಸಿಎಸ್‌ಆರ್ ಹಣ ಬರುವುದು 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್‌ನ ಅಡಿಯಲ್ಲಿ. ತನ್ನ ಸರಕಿಗೆ ಮಾರುಕಟ್ಟೆಯ ಲಾಭ ಪಡೆಯಲೆಂದು ಕಂಪನಿ ಕೊಡುವ ಪ್ರಾಯೋಜಕತ್ವವನ್ನು ಅಲ್ಲಿನ ನಿಯಮಗಳು ಸಿಎಸ್‌ಆರ್ ಎಂದು ಒಪ್ಪುವುದಿಲ್ಲ. ಹೀಗಾಗಿ ಶೋರೂಮಿಗೆ ಹಿತವೆನಿಸಿದ ‘ಪ್ರದರ್ಶನಕ್ಕೆ ಜಾಗ’ ಎಂಬ ಮಾತೇ ಇಲ್ಲಿ ಅರ್ಜಿಗೆ ಮುಳುವಾದೀತು. ಅವರಿಗೆ ಬರೆಯುವಾಗ, ತಂಡ ಸರ್ಕಾರಿ ಶಾಲೆಗಳಲ್ಲಿ ರಂಗತರಬೇತಿ ನಡೆಸುತ್ತಿದ್ದರೆ ಅದಕ್ಕೇ ಹಣ ಕೇಳಬೇಕು: ಎಷ್ಟು ಶಾಲೆ, ಎಷ್ಟು ಮಕ್ಕಳು, ಎಷ್ಟು ಹಣ. ಜೊತೆಗೆ ತಂಡದ ಸಿಎಸ್‌ಆರ್ ನೋಂದಣಿ ಸಂಖ್ಯೆಯನ್ನೂ ಕೊಡಬೇಕು. ಅದಿಲ್ಲದ ಸಂಸ್ಥೆಯ ಮೂಲಕ ಕಂಪನಿ ಆ ಹಣ ಖರ್ಚು ಮಾಡುವಂತಿಲ್ಲ.

ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ತಂಡಕ್ಕೆ ಸಂಬಂಧವಿಲ್ಲದವರ ಕೈಗೆ ಮೊದಲ ಪುಟ ಕೊಟ್ಟು, ಒಂದು ನಿಮಿಷದ ನಂತರ ವಾಪಸ್ ತೆಗೆದುಕೊಳ್ಳಿ. ಎಷ್ಟು ಹಣ, ಯಾವುದಕ್ಕೆ, ಕೊಟ್ಟವರಿಗೆ ಏನು, ಯಾವಾಗ ತಿಳಿಸಬೇಕು ಎಂದು ಕೇಳಿ. ಅವರು ತಡವರಿಸಿದ ಕಡೆ ವಾಕ್ಯವನ್ನು ತಿದ್ದಿ. ವಿವರಿಸಿ ಹೇಳಲು ಹೋಗಬೇಡಿ. ಶೋರೂಮಿನಲ್ಲಿ ಪತ್ರ ಓದುವಾಗ ವಿವರಿಸಲು ನೀವು ಅಲ್ಲಿರುವುದಿಲ್ಲ.

ಸಾರಾಂಶ ಎಷ್ಟೇ ಚೊಕ್ಕವಾಗಿದ್ದರೂ ಬಜೆಟ್ ಮುಗಿದವರಿಂದ ಹಣ ಬರದು. ಆದರೆ “ಈ ಸಲ ಎರಡು ಲಕ್ಷ ಆಗುವುದಿಲ್ಲ, ಐವತ್ತು ಸಾವಿರಕ್ಕೆ ಏನು ಕೊಡುತ್ತೀರಿ?” ಎಂಬ ಕರೆ ಬರಬಹುದು. ಮೊತ್ತವೇ ಇಲ್ಲದ ಪತ್ರಕ್ಕೆ ಅಂಥ ಚೌಕಾಸಿಯ ಕರೆಯೂ ಬರುವುದಿಲ್ಲ.