ಪುಟ್ಟ ಗುಂಡಿ, ಪೂರ್ತಿ ಅರ್ಥ

ಬಸ್ಸಿನ ಸೀಟು ಕಾದಿರಿಸುವ ಮೊಬೈಲ್ ಆ್ಯಪ್ ಒಂದು ಅರಬ್ಬಿಗೆ ಅನುವಾದವಾಗುತ್ತಿದೆ ಎನ್ನಿ. ಅದರ ಗುಂಡಿಗಳಲ್ಲಿ ಹಿಡಿಸುವುದು ಒಂದೆರಡು ಪದ ಮಾತ್ರ. ‘ಉಳಿಸು’ ಎಂದು ಆಜ್ಞಾಪಿಸಲು ಅರಬ್ಬಿಯಲ್ಲಿ ಗಂಡಸಿಗೆ ಒಂದು ರೂಪ, ಹೆಂಗಸಿಗೆ ಇನ್ನೊಂದು. ಆದ್ದರಿಂದ ಅನುವಾದಕರು ‘ಉಳಿಸುವಿಕೆ’ ಎಂಬರ್ಥದ حفظ ಎಂಬ ನಾಮಪದವನ್ನು ಬಳಸುತ್ತಾರೆ. ಮೂರೇ ಅಕ್ಷರ, ಇಬ್ಬರಿಗೂ ಸಲ್ಲುತ್ತದೆ.

ತೊಡಕಿರುವುದು ‘ರದ್ದು’ ಎಂಬಲ್ಲಿ. ‘ಕಾದಿರಿಸಿದ ಸೀಟು ರದ್ದು ಮಾಡಬೇಕೆ?’ ಎಂಬ ಪ್ರಶ್ನೆಯ ಕೆಳಗೆ إلغاء, ಅಂದರೆ ಬರಿಯ ‘ರದ್ದು’ ಎಂದಿದ್ದರೆ, ರದ್ದಾಗುವುದು ಸೀಟೋ, ಈ ಪ್ರಶ್ನೆಯೋ? ಅದಕ್ಕೇ ಒಂದು ಗುಂಡಿಗೆ إلغاء الحجز, ‘ಕಾದಿರಿಸಿದ್ದರ ರದ್ದು’; ಇನ್ನೊಂದಕ್ಕೆ رجوع, ‘ಹಿಂದಕ್ಕೆ’.

ಇದು ಸರಿಹೊಂದಿತೇ ಎಂದು ತಿಳಿಯಲು ಚಿಕ್ಕ ಫೋನಿನಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿ ಪರದೆಯ ಚಿತ್ರ ತೆಗೆದು ನೋಡಬೇಕು. ಅರಬ್ಬಿ ಬಲದಿಂದ ಎಡಕ್ಕೆ ಸಾಗುವ ಲಿಪಿ. ಜಾಗ ಸಾಲದಿದ್ದರೆ ಎಡಗಡೆಯ ಪದ ಕತ್ತರಿಸಿ ಹೋಗಿ ಮೂರು ಚುಕ್ಕಿ ಬೀಳುತ್ತವೆ. ಉಳಿಯುವುದು ಮತ್ತದೇ ಬರಿಯ ‘ರದ್ದು’. ಆಗ ಗುಂಡಿಗಳನ್ನು ಒಂದರ ಕೆಳಗೊಂದು ಇಟ್ಟು ಅಗಲ ಹೆಚ್ಚಿಸಬೇಕೇ ಹೊರತು ಪದವನ್ನು ಕಳೆಯಬಾರದು.